ಖಾಲಿ ಮಷಿನ್ನು, ಸ್ವಂತ ಜಾಗ: ಲೆಕ್ಕಕ್ಕೆ ಬಾರದ ಬಾಡಿಗೆ

“ಮಷಿನ್ ಹೆಂಗೂ ಖಾಲಿ ನಿಂತಾವಲ್ರೀ ಸಾಹುಕಾರ್ರ. ಕರೆಂಟು, ಟೂಲು, ಆಪರೇಟರ್ ಪಗಾರ ಬಿಟ್ರ ನಿಮಗ ಇನ್ನೇನು ಖರ್ಚು ಬರತೈತಿ?”

ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ಜಾಬ್‌ವರ್ಕ್ ಮಾಡುವವರು ಈ ಮಾತನ್ನು ಕೇಳಿಯೇ ಇರುತ್ತಾರೆ. ದೊಡ್ಡ ಕಂಪನಿಯ ಖರೀದಿ ವಿಭಾಗದವನು ಬರುತ್ತಾನೆ, ಶೆಡ್ಡಿನಲ್ಲಿ ಒಂದು ಸುತ್ತು ಹಾಕುತ್ತಾನೆ, ಲೈಟು ಆರಿಸಿದ ಮಷಿನ್ನೊಂದರ ಪಕ್ಕ ನಿಂತು ರೇಟು ಇಳಿಸಲು ಶುರು ಮಾಡುತ್ತಾನೆ. ಅವನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಎಷ್ಟು ವರ್ಷದವರೆಗೆ ನಿಜ ಎಂಬುದನ್ನು ಅವನು ಹೇಳುವುದಿಲ್ಲ, ಮಾಲೀಕರೂ ಕೇಳುವುದಿಲ್ಲ.

ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಅಂಕಿಗಳು ನಾನು ಇಟ್ಟುಕೊಂಡವು. ನಿಮ್ಮ ಅಂಕಿ ಹಾಕಿದರೆ ಉತ್ತರ ಬದಲಾಗುತ್ತದೆ, ದಾರಿ ಬದಲಾಗುವುದಿಲ್ಲ. ಶೆಡ್ಡಿನಲ್ಲಿ ನಾಲ್ಕು ವಿಎಂಸಿ ಮಷಿನ್ನುಗಳಿವೆ. ಎರಡು ಪಾಳಿಯಲ್ಲಿ ಒಂದೊಂದು ಮಷಿನ್ನು ವರ್ಷಕ್ಕೆ 5,000 ಗಂಟೆ ದುಡಿಯಬಲ್ಲದು, ಒಟ್ಟು 20,000 ಗಂಟೆ. ಸದ್ಯ ಇರುವ ಕೆಲಸ 14,000 ಗಂಟೆಯಷ್ಟು. ಹಳೆಯ ಗಿರಾಕಿಗಳ ಕೆಲಸ ಪ್ರತಿ ವರ್ಷ ಸಾವಿರ ಗಂಟೆಯಷ್ಟು ಹೆಚ್ಚುತ್ತಿದೆ. ಈಗ ಬಂದವನು ಪಂಪಿನ ಬಿಡಿಭಾಗವೊಂದಕ್ಕೆ ವರ್ಷಕ್ಕೆ 3,000 ಗಂಟೆಯ ಕೆಲಸವನ್ನು ಆರು ವರ್ಷ ಕೊಡುತ್ತೇನೆ ಎನ್ನುತ್ತಾನೆ. ಗಂಟೆಗೆ 500 ರೂಪಾಯಿ. ಕರೆಂಟು, ಟೂಲು, ಕೂಲೆಂಟು, ಹೆಚ್ಚುವರಿ ಕೂಲಿ ಎಲ್ಲ ಸೇರಿ ಗಂಟೆಗೆ 350 ಕೈಬಿಡುತ್ತದೆ. ಉಳಿಯುವುದು 150, ಅಂದರೆ ವರ್ಷಕ್ಕೆ ನಾಲ್ಕೂವರೆ ಲಕ್ಷ. ಫಿಕ್ಸ್ಚರುಗಳಿಗೆ ಮೊದಲೇ 5 ಲಕ್ಷ ಹಾಕಬೇಕು.

ಮಾಲೀಕರು ಅಕೌಂಟೆಂಟನ್ನು ಕೇಳುತ್ತಾರೆ. ಅವರು ಮಷಿನ್ನಿನ ಸವಕಳಿ, ಶೆಡ್ಡಿನ ಖರ್ಚು, ಆಫೀಸಿನ ಸಂಬಳ ಎಲ್ಲವನ್ನೂ ಗಂಟೆಗಳ ಮೇಲೆ ಹಂಚಿ, ಗಂಟೆಗೆ ಇನ್ನೂ 160 ರೂಪಾಯಿ ಸೇರಿಸುತ್ತಾರೆ. “ಗಂಟೆಗೆ ಹತ್ತು ರೂಪಾಯಿ ಲಾಸ್ ಐತ್ರೀ ಸಾಹುಕಾರ್ರ, ಬ್ಯಾಡ ಅನ್ರಿ” ಎನ್ನುವುದು ಅವರ ತೀರ್ಪು. ಖರೀದಿಯವನ ಲೆಕ್ಕದಲ್ಲಿ ಖಾಲಿ ಮಷಿನ್ನಿನ ಬೆಲೆ ಸೊನ್ನೆ, ಅಕೌಂಟೆಂಟರ ಲೆಕ್ಕದಲ್ಲಿ 160. ಎರಡೂ ತಪ್ಪು. ಅಕೌಂಟೆಂಟರ ತಪ್ಪು ಬೇಗ ಕಾಣುತ್ತದೆ: ಸವಕಳಿ ಎಂದು ಅವರು ಬರೆದದ್ದು ಎಂದೋ ಕೊಟ್ಟು ಮುಗಿಸಿದ ಹಣ. ಆಫೀಸಿನ ಸಂಬಳ ಈ ಆರ್ಡರ್ ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆರ್ಡರ್ ಒಪ್ಪಿದ್ದರಿಂದ ಒಂದು ಪೈಸೆಯೂ ಹೆಚ್ಚದ ಖರ್ಚನ್ನು ಆರ್ಡರಿನ ಮೇಲೆ ಹೊರಿಸಿ, ಅದು ಭಾರ ಎನ್ನುವುದರಲ್ಲಿ ಅರ್ಥವಿಲ್ಲ.

ಖರೀದಿಯವನ ತಪ್ಪು ಬೇಗ ಕಾಣುವುದಿಲ್ಲ, ಏಕೆಂದರೆ ಅದು ಮೂರು ವರ್ಷ ತಪ್ಪೇ ಅಲ್ಲ.

ಮಷಿನ್ನುಗಳು ಯಾವಾಗ ತುಂಬುತ್ತವೆ ಎಂದು ನೋಡಿ. ಆರ್ಡರ್ ಇಲ್ಲದಿದ್ದರೆ ಆರನೇ ವರ್ಷಕ್ಕೆ 20,000 ಗಂಟೆ ಮುಟ್ಟುತ್ತದೆ, ಏಳನೇ ವರ್ಷಕ್ಕೆ ಐದನೇ ಮಷಿನ್ನು ಬೇಕು. ಆರ್ಡರ್ ಹಿಡಿದರೆ ಮೂರನೇ ವರ್ಷಕ್ಕೇ 20,000 ಮುಟ್ಟುತ್ತದೆ, ನಾಲ್ಕನೇ ವರ್ಷಕ್ಕೇ ಮಷಿನ್ನು ಬೇಕು. ಹೇಗಿದ್ದರೂ ಕೊಳ್ಳಬೇಕಿದ್ದ ಮಷಿನ್ನನ್ನು ಮೂರು ವರ್ಷ ಮೊದಲೇ ಕೊಳ್ಳುವಂತಾಯಿತು. ಖಾಲಿ ಸಾಮರ್ಥ್ಯವನ್ನು ಈ ಆರ್ಡರಿಗೆ ಕೊಟ್ಟದ್ದರ ಅವಕಾಶ ವೆಚ್ಚ ಎಂದರೆ ಆ ಮೂರು ವರ್ಷದ ಖರ್ಚು. ಅದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ.

ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಹೊಸ ಮಷಿನ್ನಿಗೆ 40 ಲಕ್ಷ, ಹತ್ತು ವರ್ಷ ಬಾಳಿಕೆ, ಹಣದ ಬೆಲೆ ವರ್ಷಕ್ಕೆ ಶೇ. 12 ಎಂದಿಟ್ಟುಕೊಳ್ಳಿ. ಅದೇ 40 ಲಕ್ಷವನ್ನು ಶೇ. 12ರ ಬಡ್ಡಿಗೆ ಸಾಲ ತಂದು, ವರ್ಷಕ್ಕೊಂದೇ ಕಂತಿನಂತೆ ಹತ್ತು ವರ್ಷದಲ್ಲಿ ತೀರಿಸಿದರೆ ಕಂತು 7.08 ಲಕ್ಷ ಬೀಳುತ್ತದೆ. ಈ ಮಷಿನ್ನಿನ ನಿಜವಾದ ವಾರ್ಷಿಕ ಬಾಡಿಗೆ ಅದು. ಆರ್ಡರಿನಿಂದಾಗಿ ನಾಲ್ಕು, ಐದು, ಆರನೇ ವರ್ಷದಲ್ಲಿ ಮೂರು ಬಾಡಿಗೆ ಹೆಚ್ಚಿಗೆ ಕೊಡಬೇಕಾಯಿತು. ಆ ಮೂರನ್ನೂ ಶೇ. 12ರ ಲೆಕ್ಕದಲ್ಲಿ ಇಂದಿಗೆ ಇಳಿಸಿದರೆ 12.1 ಲಕ್ಷ ಆಗುತ್ತದೆ.

ಇಲ್ಲಿ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಮೂರು ವರ್ಷದ ಕೊನೆಗೆ ಕೊಡುವ 40 ಲಕ್ಷದ ಇಂದಿನ ಬೆಲೆಯಿಂದ ಆರು ವರ್ಷದ ಕೊನೆಗೆ ಕೊಡುವ 40 ಲಕ್ಷದ ಇಂದಿನ ಬೆಲೆಯನ್ನು ಕಳೆದು 8.2 ಲಕ್ಷ ಎಂದು ಬರೆದುಬಿಡುತ್ತಾರೆ. ಮೂರು ವರ್ಷ ಮೊದಲೇ ಬಂದ ಮಷಿನ್ನು ಮೂರು ವರ್ಷ ಮೊದಲೇ ಸವೆದೂ ಹೋಗುತ್ತದೆ, ಅದರ ಜಾಗಕ್ಕೆ ಬರುವ ಮಷಿನ್ನೂ ಮೂರು ವರ್ಷ ಮೊದಲೇ ಬರಬೇಕು ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿದೆ. ವಾರ್ಷಿಕ ಬಾಡಿಗೆಯ ಲೆಕ್ಕದಲ್ಲಿ ಅದು ತಾನಾಗಿ ಸೇರಿಕೊಳ್ಳುತ್ತದೆ.

ಈಗ ಆರ್ಡರನ್ನು ತೂಗಬಹುದು. ಆರು ವರ್ಷ ಬರುವ ನಾಲ್ಕೂವರೆ ಲಕ್ಷಗಳ ಇಂದಿನ ಬೆಲೆ 18.5 ಲಕ್ಷ. ಫಿಕ್ಸ್ಚರಿನ 5 ಲಕ್ಷ ಕಳೆದರೆ 13.5. ಖರೀದಿಯವನು ತೋರಿಸುವುದು ಈ ಅಂಕಿ. ಮಷಿನ್ನಿನ 12.1 ಲಕ್ಷ ಕಳೆದ ಮೇಲೆ ಉಳಿಯುವುದು 1.4 ಲಕ್ಷ ಮಾತ್ರ. ಅಷ್ಟರಲ್ಲಿ ಅವನು “ಇಪ್ಪತ್ತು ರೂಪಾಯಿ ಕಡಿಮಿ ಮಾಡ್ರಿ, ಇವತ್ತ ಆರ್ಡರ್ ಬರೀತೀನಿ” ಎಂದರೆ, ಆ ಇಪ್ಪತ್ತು ರೂಪಾಯಿಗೆ ಆರು ವರ್ಷದಲ್ಲಿ ಸುಮಾರು ಎರಡೂವರೆ ಲಕ್ಷ ಹೋಗಿ, ಆರ್ಡರ್ ಲಕ್ಷದಷ್ಟು ನಷ್ಟಕ್ಕೆ ಇಳಿಯುತ್ತದೆ. ಸೊನ್ನೆ ಬೆಲೆಯ ಲೆಕ್ಕದಲ್ಲಿ ಮಾತ್ರ 11 ಲಕ್ಷದ ಲಾಭ ಹಾಗೇ ಕಾಣುತ್ತಿರುತ್ತದೆ.

ಈ ಲೆಕ್ಕದ ನಿಜವಾದ ಪ್ರಯೋಜನ ಆರ್ಡರ್ ಬೇಕೋ ಬೇಡವೋ ಎಂದು ಹೇಳುವುದರಲ್ಲಿಲ್ಲ. ವರ್ಷಗಳನ್ನು ಬೇರೆ ಬೇರೆ ಮಾಡಿ ನೋಡಿ. ಮೊದಲ ಮೂರು ವರ್ಷ ಮಷಿನ್ನಿಗೆ ಬೇರೆ ಕೆಲಸವೇ ಇಲ್ಲ, ನಾಲ್ಕೂವರೆ ಲಕ್ಷವೂ ನಮ್ಮದೇ. ನಾಲ್ಕನೇ ವರ್ಷದಿಂದ ನಾಲ್ಕೂವರೆ ಲಕ್ಷ ದುಡಿಯಲು 7.08 ಲಕ್ಷದ ಬಾಡಿಗೆ ಕೊಡುತ್ತಿದ್ದೇವೆ. ಹಾಗಾದರೆ ಆರು ವರ್ಷಕ್ಕೆ ಬರೆದುಕೊಡುವುದೇಕೆ? ಮೂರೇ ವರ್ಷದ ಒಪ್ಪಂದ ಮಾಡಿಕೊಂಡರೆ, ಫಿಕ್ಸ್ಚರಿನ ಖರ್ಚನ್ನೆಲ್ಲ ಆ ಮೂರು ವರ್ಷದಲ್ಲೇ ಕಳೆದರೂ, 5.8 ಲಕ್ಷ ಉಳಿಯುತ್ತದೆ. ಅರ್ಧ ಅವಧಿಯ ಆರ್ಡರಿಗೆ ನಾಲ್ಕು ಪಟ್ಟು ಲಾಭ. ಇಪ್ಪತ್ತು ರೂಪಾಯಿ ಬಿಟ್ಟುಕೊಟ್ಟರೂ 4.4 ಲಕ್ಷ ಉಳಿಯುತ್ತದೆ. ನಾಲ್ಕನೇ ವರ್ಷದಿಂದ ಆಚೆಗೂ ಬೇಕೆಂದರೆ ಗಂಟೆಗೆ 586 ರೂಪಾಯಿಗಿಂತ ಕಡಿಮೆಗೆ ಒಪ್ಪುವಂತಿಲ್ಲ; 7.08 ಲಕ್ಷವನ್ನು 3,000 ಗಂಟೆಗೆ ಹಂಚಿ 350ಕ್ಕೆ ಕೂಡಿಸಿದರೆ ಆ ಅಂಕಿ ಬರುತ್ತದೆ. ಹೀಗೆ ಎರಡು ಹಂತದ ರೇಟು ಕೇಳುವ ಜಾಬ್‌ವರ್ಕಿನವರು ಅಪರೂಪ. ಆರು ವರ್ಷದ ಕೆಲಸ ಕೈಗೆ ಸಿಕ್ಕಿತು ಎಂಬ ಸಮಾಧಾನಕ್ಕೇ ಅವರು ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ನನ್ನ ಅನಿಸಿಕೆ. ಆ ಭದ್ರತೆಗೂ ಬೆಲೆ ಇದೆ ಎಂದು ಒಪ್ಪುತ್ತೇನೆ, ಆದರೆ ಎಷ್ಟು ಕೊಡುತ್ತಿದ್ದೇವೆ ಎಂಬುದಾದರೂ ತಿಳಿದಿರಬೇಕಲ್ಲ.

ಐದನೇ ಮಷಿನ್ನು ಕೊಳ್ಳುವುದೊಂದೇ ದಾರಿಯೇ ಎಂದು ಕಸುಬು ಗೊತ್ತಿದ್ದವರು ಕೇಳಿಯೇ ಕೇಳುತ್ತಾರೆ. ನಾಲ್ಕನೇ ವರ್ಷ ಕೊರತೆ ಬೀಳುವುದು ಸಾವಿರ ಗಂಟೆ, ಐದನೆಯದಕ್ಕೆ ಎರಡು ಸಾವಿರ, ಆರನೆಯದಕ್ಕೆ ಮೂರು ಸಾವಿರ. ಅಷ್ಟನ್ನು ಪಕ್ಕದ ಶೆಡ್ಡಿನವರಿಗೆ 500 ರೂಪಾಯಿಗೇ ಕೊಟ್ಟು ಮಾಡಿಸಿದರೆ ನಮಗೆ ಗಂಟೆಗೆ 150 ಹೆಚ್ಚು ಬೀಳುತ್ತದೆ, ಇಂದಿನ ಬೆಲೆಯಲ್ಲಿ ಒಟ್ಟು 5 ಲಕ್ಷದ ಒಳಗೆ ಮುಗಿಯುತ್ತದೆ. ಆಗ ಸಾಮರ್ಥ್ಯದ ಬೆಲೆ 12.1 ಅಲ್ಲ, ಆ 5 ಲಕ್ಷ. ಇರುವ ದಾರಿಗಳಲ್ಲಿ ಅತಿ ಅಗ್ಗದ್ದು ಯಾವುದೋ ಅದರ ಖರ್ಚೇ ಅವಕಾಶ ವೆಚ್ಚ. ಮೂರನೇ ಪಾಳಿಯನ್ನೂ ಹೀಗೆಯೇ ತೂಗಬೇಕು. ಆದರೆ ವಾಹನ ಕಂಪನಿಗಳಂಥ ಗಿರಾಕಿಗಳು ತಮ್ಮ ಒಪ್ಪಿಗೆಯಿಲ್ಲದೆ ಕೆಲಸ ಹೊರಗೆ ಕೊಡಬಾರದು ಎಂದು ಪರ್ಚೇಸ್ ಆರ್ಡರಿನಲ್ಲೇ ಬರೆಸುವುದುಂಟು. ಇನ್ನೊಂದು ತೊಡಕು: ನಮ್ಮ ಶೆಡ್ಡು ತುಂಬಿದ ಕಾಲಕ್ಕೆ ಪಕ್ಕದವರದೂ ಸಾಮಾನ್ಯವಾಗಿ ತುಂಬಿರುತ್ತದೆ, 500ಕ್ಕೆ ಯಾರೂ ಸಿಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಲುಗಾಡುವ ಅಂಕಿ ಹಳೆಯ ಗಿರಾಕಿಗಳ ಬೆಳವಣಿಗೆ. ವರ್ಷಕ್ಕೆ ಸಾವಿರದ ಬದಲು 500 ಗಂಟೆಯಷ್ಟೇ ಹೆಚ್ಚಿದರೆ ಆರು ವರ್ಷವೂ ಐದನೇ ಮಷಿನ್ನು ಬೇಕಾಗುವುದಿಲ್ಲ, ಖರೀದಿಯವನ ಸೊನ್ನೆಯೇ ಸರಿಯಾಗುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಲಾಭ–ನಷ್ಟದ ಪಟ್ಟಿಯನ್ನಲ್ಲ, ಹಿಂದಿನ ಮೂರು ನಾಲ್ಕು ವರ್ಷದ ಮಷಿನ್ ಲಾಗ್ ಪುಸ್ತಕವನ್ನು. ಅಲ್ಲೂ ಎರಡು ಮೋಸ ಇರುತ್ತವೆ. ಹೊಸ ಪಾರ್ಟಿಗೆ ಪ್ರತಿ ಸಲ ಸೆಟ್ಟಿಂಗ್ ಬದಲಿಸುವ ಹೊತ್ತು ಗಿರಾಕಿ ಹೇಳುವ 3,000 ಗಂಟೆಯಲ್ಲಿ ಇರುವುದಿಲ್ಲ. ವಿಎಂಸಿ ಖಾಲಿಯಿದ್ದರೂ ಅಳತೆ ಪರೀಕ್ಷಿಸುವ ಕೋಣೆ ಖಾಲಿಯಿರುತ್ತದೆ ಎಂದೇನೂ ಇಲ್ಲ. ಪರೀಕ್ಷೆಗಾಗಿ ಟ್ರೇಗಳು ಸಾಲುಗಟ್ಟಿ ಕಾಯುತ್ತಿದ್ದರೆ ಇಕ್ಕಟ್ಟಿರುವುದು ಆ ಕೋಣೆಯಲ್ಲಿ. ಹೊಸ ಆರ್ಡರಿಗೆ ಅವಕಾಶ ವೆಚ್ಚ ಹಾಕಬೇಕಾದದ್ದು ಅಲ್ಲಿರುವ ಯಂತ್ರದ ಮೇಲೆ, ಅದೂ ಇವತ್ತಿನಿಂದಲೇ.

ಇದೇ ಕಾರ್ಖಾನೆಯ ಹಿಂದೆ ಹತ್ತು ಗುಂಟೆ ಜಾಗ ಇದೆ ಎನ್ನಿ. 2003ರಲ್ಲಿ ಕಂಪನಿಯ ಹೆಸರಿನಲ್ಲಿ 4 ಲಕ್ಷಕ್ಕೆ ಕೊಂಡದ್ದು. ಈಗ ಗುಂಟೆಗೆ 20 ಲಕ್ಷ, ಒಟ್ಟು 2 ಕೋಟಿ. ಮಾಲೀಕರ ಮಗನಿಗೆ ಅಲ್ಲಿ ಪೌಡರ್ ಕೋಟಿಂಗ್ ಶೆಡ್ಡು ಹಾಕುವ ಆಸೆ. ಕಟ್ಟಡ, ಯಂತ್ರಕ್ಕೆ 90 ಲಕ್ಷ. ವರ್ಷಕ್ಕೆ 30 ಲಕ್ಷದಂತೆ ಹತ್ತು ವರ್ಷ ಆದಾಯ. ಆದಾಯದ ಮೇಲಿನ ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಶೇ. 12ರಲ್ಲಿ ಇಳಿಸಿದರೆ 79.5 ಲಕ್ಷ ಉಳಿಯುತ್ತದೆ. “ಜಾಗಾ ನಮ್ದ ಐತಿ ಅಪ್ಪಾ, ಅದಕ್ಕೇನು ರೊಕ್ಕಾ ಕೊಡೂದು?” ಎಂದು ಮಗ ಕೇಳಿದರೆ, ಪುಸ್ತಕವೂ ಅವನ ಪರವಾಗಿಯೇ ನಿಲ್ಲುತ್ತದೆ. ಜಮೀನಿಗೆ ಸವಕಳಿ ಇಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಅದು ಸಾಮಾನ್ಯವಾಗಿ ಕೊಂಡ ಬೆಲೆಗೇ ಕೂತಿರುತ್ತದೆ. ಹೀಗಾಗಿ ಯಾವ ವರ್ಷವೂ ಖರ್ಚಿನ ಕಾಲಮ್ಮಿಗೆ ಬರುವುದೇ ಇಲ್ಲ.

ಮುಂಬೈನ ಬಟ್ಟೆ ಗಿರಣಿಗಳು ಇದರ ಅತಿ ದೊಡ್ಡ ಉದಾಹರಣೆ. 1982ರ ಮುಷ್ಕರದ ನಂತರ ನೆಲ ಕಚ್ಚಿದ ಆ ಗಿರಣಿಗಳ ಜಮೀನನ್ನು ಬೇರೆ ಉಪಯೋಗಕ್ಕೆ ತೆರೆಯುವ ದಾರಿ 1991ರ ಅಭಿವೃದ್ಧಿ ನಿಯಮಗಳಿಂದ ಸಿಕ್ಕಿತು. 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಲೋವರ್ ಪರೇಲಿನ ಮುಂಬೈ ಟೆಕ್ಸ್‌ಟೈಲ್ ಮಿಲ್ಲಿನ ಸುಮಾರು 17 ಎಕರೆಯನ್ನು ಮಾರಿದಾಗ ಬಂದದ್ದು 702 ಕೋಟಿ ರೂಪಾಯಿ. ನೂಲು ನೇಯ್ದು ಆ ಜಾಗದ ಬಡ್ಡಿ ಹುಟ್ಟಿಸುವುದು ಯಾವ ಗಿರಣಿಗೂ ಸಾಧ್ಯವಿರಲಿಲ್ಲ. ಆದರೆ ನಿಯಮ ಬದಲಾಗುವ ಮುನ್ನ ಅದೇ ಜಮೀನಿಗೆ ಆ ಬೆಲೆ ಹಾಕುವುದೂ ತಪ್ಪಾಗುತ್ತಿತ್ತು, ಮಾರುವ ಹಕ್ಕೇ ಇಲ್ಲದ ಮೇಲೆ ಕೈತಪ್ಪಿದ್ದು ಏನೂ ಇಲ್ಲವಲ್ಲ. ನಮ್ಮಲ್ಲಿ ಕೆಐಎಡಿಬಿ ಲೀಸ್-ಕಮ್-ಸೇಲ್ ಕರಾರಿನ ಮೇಲೆ ಕೊಟ್ಟ ನಿವೇಶನಗಳಿಗೂ ಇದು ಅನ್ವಯಿಸುತ್ತದೆ. ಕ್ರಯಪತ್ರ ಆಗುವವರೆಗೆ ಮಂಡಳಿಯ ಒಪ್ಪಿಗೆಯಿಲ್ಲದೆ ಕೈ ಬದಲಿಸುವಂತಿಲ್ಲ. ಅಂಥ ಜಾಗಕ್ಕೆ ರಸ್ತೆಯಾಚೆಯ ವಸತಿ ಲೇಔಟಿನ ರೇಟು ಹಾಕಿದರೆ ಒಳ್ಳೆಯ ಯೋಜನೆಯನ್ನೂ ಕೊಂದಂತೆ.

ನಮ್ಮ ಹತ್ತು ಗುಂಟೆಗೆ ಅಂಥ ತೊಡಕಿಲ್ಲ ಎಂದುಕೊಳ್ಳೋಣ. ಮಾರಿದರೆ ಕೈಗೆ 2 ಕೋಟಿ ಬರುವುದಿಲ್ಲ. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭಕ್ಕೆ ಶೇ. 12.5 ತೆರಿಗೆ, ಕಂಪನಿಗೆ ಹಣದುಬ್ಬರದ ರಿಯಾಯಿತಿಯೂ ಇಲ್ಲ. 1.96 ಕೋಟಿ ಲಾಭಕ್ಕೆ ಸೆಸ್ಸು, ಸರ್‌ಚಾರ್ಜು ಬಿಟ್ಟು 24.5 ಲಕ್ಷ ಹೋಗಿ 175.5 ಲಕ್ಷ ಉಳಿಯುತ್ತದೆ. ಯೋಜನೆಯ ಮೊದಲ ದಿನದ ಖರ್ಚಿನಲ್ಲಿ ಬರೆಯಬೇಕಾದದ್ದು ಈ ಅಂಕಿಯನ್ನು. 4 ಲಕ್ಷವನ್ನೂ ಅಲ್ಲ, 2 ಕೋಟಿಯನ್ನೂ ಅಲ್ಲ.

ಇಷ್ಟಕ್ಕೇ ನಿಂತರೆ ಇನ್ನೊಂದು ಅನ್ಯಾಯವಾಗುತ್ತದೆ. ಮಷಿನ್ನು ಸವೆಯುತ್ತದೆ, ಜಾಗ ಸವೆಯುವುದಿಲ್ಲ. ಹತ್ತು ವರ್ಷದ ನಂತರ ಅದು ವಾಪಸ್ ಸಿಗುತ್ತದೆ. ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೆ ಆಗ 3.26 ಕೋಟಿ. ಆಗಿನ ತೆರಿಗೆ ಕಳೆದು ಇಂದಿಗೆ ಇಳಿಸಿದರೆ ಸುಮಾರು 92 ಲಕ್ಷ. ಅದನ್ನು ಯೋಜನೆಯ ಖಾತೆಗೆ ಜಮೆ ಮಾಡಬೇಕು. ಜಾಗವನ್ನು ಹತ್ತು ವರ್ಷ ಹಿಡಿದಿಟ್ಟದ್ದರ ನಿಜವಾದ ಬೆಲೆ ಉಳಿದ 83.6 ಲಕ್ಷ. ಮಗನ 79.5 ಲಕ್ಷದ ಲಾಭ ಅದರ ಮುಂದೆ ನಾಲ್ಕು ಲಕ್ಷದಷ್ಟು ಸೋಲುತ್ತದೆ.

“ಜಾಗಾ ಮಾರೂ ಮಾತ ಇಲ್ಲ” ಎಂದು ಅಪ್ಪ ಎದ್ದುಬಿಡುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲಿ. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕುಟುಂಬ ಯಾವ ಕಾರಣಕ್ಕೂ ಮಾರುವುದಿಲ್ಲ ಎಂದಾದರೆ, ಕೋಟಿಂಗ್ ಶೆಡ್ಡಿನಿಂದ ತಪ್ಪಿಹೋಗುವುದು ಮಾರಾಟವಲ್ಲ, ಬಾಡಿಗೆ. ಲಾರಿ ನಿಲ್ಲಿಸಲು ತಿಂಗಳಿಗೆ 40,000ಕ್ಕೆ ಕೊಡಬಹುದಿತ್ತು ಎಂದರೆ ಹತ್ತು ವರ್ಷದ ಬಾಡಿಗೆಯ ಇಂದಿನ ಬೆಲೆ 27 ಲಕ್ಷ. ಆಗ ಯೋಜನೆ 52 ಲಕ್ಷ ಉಳಿಸುತ್ತದೆ, ಮಗ ಗೆಲ್ಲುತ್ತಾನೆ. ಆದರೆ ಮಾರುವುದಿಲ್ಲ ಎಂಬ ಮಾತು ಶೆಡ್ಡಿನ ಆಸೆ ಹುಟ್ಟಿದ ಮೇಲೆ ಹುಟ್ಟಿತೋ, ಮೊದಲೇ ಇತ್ತೋ ಎಂದು ನೋಡಬೇಕು. ಹೋದ ವರ್ಷ ಏಜೆಂಟರಿಗೆ ತೋರಿಸಿದ್ದರೆ ಮಾರಾಟದ ಬೆಲೆಯೇ ಸರಿ. ಬೆಲೆ ಏರಿಕೆಯ ಊಹೆಯ ಮೇಲೂ ಕಣ್ಣಿರಬೇಕು. ಶೇ. 5ರ ಜಾಗದಲ್ಲಿ 8 ಎಂದು ಹಾಕಿದರೆ ಅದೇ ಯೋಜನೆ 26 ಲಕ್ಷ ಲಾಭ ತೋರಿಸುತ್ತದೆ, ಆದರೆ ಆ ವ್ಯತ್ಯಾಸದಲ್ಲಿ ಪೌಡರ್ ಕೋಟಿಂಗಿನ ಪಾತ್ರ ಏನೂ ಇಲ್ಲ. ಜಾಗವನ್ನು ಸುಮ್ಮನೆ ಇಟ್ಟುಕೊಂಡಿದ್ದರೂ ಅದು ಬರುತ್ತಿತ್ತು.

ಆದ್ದರಿಂದ ಸಿಗುವ ದಾರಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ವಾಸಿ. ಇವತ್ತೇ ಮಾರಿದರೆ 175.5 ಲಕ್ಷ. ಶೆಡ್ಡು ಹಾಕಿ ಹತ್ತು ವರ್ಷದ ನಂತರ ಮಾರಿದರೆ 79.5ಕ್ಕೆ 92 ಸೇರಿ 171 ಲಕ್ಷ. ಲಾರಿಗಳಿಗೆ ಬಾಡಿಗೆ ಕೊಟ್ಟು ಆಮೇಲೆ ಮಾರಿದರೆ 119 ಲಕ್ಷ. ಹೀಗೆ ಬರೆದಾಗ ಅಪ್ಪನಿಗೂ ಮಗನಿಗೂ ಹೊಳೆಯದ ನಾಲ್ಕನೆಯದೊಂದು ಕಾಣತೊಡಗುತ್ತದೆ. ಕೋಟಿಂಗ್ ಶೆಡ್ಡು ಗುಂಟೆಗೆ 20 ಲಕ್ಷದ ಜಾಗದಲ್ಲೇ ಏಕಿರಬೇಕು? ಊರಾಚೆ ಗುಂಟೆಗೆ 5 ಲಕ್ಷದಂತೆ ಹತ್ತು ಗುಂಟೆ 50 ಲಕ್ಷಕ್ಕೆ ಸಿಕ್ಕಿತು, ಮಾಲು ಸಾಗಿಸಲು ವರ್ಷಕ್ಕೆ 3 ಲಕ್ಷ ಹೆಚ್ಚು ಬಿತ್ತು ಎನ್ನಿ. ಹಳೆಯ ಜಾಗದ 175.5 ಲಕ್ಷ ಬರುತ್ತದೆ, 50 ಹೋಗುತ್ತದೆ, ಶೆಡ್ಡಿನ 79.5 ಬರುತ್ತದೆ, ಸಾಗಣೆಗೆ ಇಂದಿನ ಬೆಲೆಯಲ್ಲಿ 17 ಹೋಗುತ್ತದೆ, ಹೊಸ ಜಾಗ ಹತ್ತು ವರ್ಷದ ನಂತರ ಇಂದಿನ ಲೆಕ್ಕದಲ್ಲಿ 25 ಕೊಡುತ್ತದೆ. ಒಟ್ಟು 213 ಲಕ್ಷ, ಹಿತ್ತಲಲ್ಲೇ ಶೆಡ್ಡು ಹಾಕುವುದಕ್ಕಿಂತ 42 ಲಕ್ಷ ಹೆಚ್ಚು. ಇನ್ನು ಹೊಸ ಜಾಗದ ನೋಂದಣಿ, ಹೆಸ್ಕಾಂನಿಂದ ಅಲ್ಲಿಯವರೆಗೆ ಎಳೆಸುವ ಲೈನು, ಟ್ರಾನ್ಸ್‌ಫಾರ್ಮರು, ಬೋರ್‌ವೆಲ್ಲು ಇವೆಲ್ಲ ಸೇರಿ 42 ಲಕ್ಷದೊಳಗೆ ಆಗುತ್ತದೆಯೋ ಇಲ್ಲವೋ ಎಂದು ಅಂದಾಜು ಪಟ್ಟಿ ತರಿಸುವುದು ಮಗನ ಮುಂದಿನ ವಾರದ ಕೆಲಸ.